ನಮ್ಮ ಕೋಡಿನ ಪಹಣಿ: ಯೋಜನಾ ವರದಿಯ ಒಂದು ಅಧ್ಯಾಯ

ಅಡಿಕೆ ಮಂಡಿಗಳ ಲೆಕ್ಕಪತ್ರಕ್ಕಾಗಿ ನಾವು ಮೂವರು ಸೇರಿ ಒಂದು ತಂತ್ರಾಂಶ ಮಾಡಿದ್ದೆವು. ಬಂಡವಾಳ ಕೇಳಲು ಸಿದ್ಧಪಡಿಸಿದ ಯೋಜನಾ ವರದಿಯಲ್ಲಿ ಬೌದ್ಧಿಕ ಆಸ್ತಿಯ ಭಾಗ ಅರ್ಧ ಪುಟದ್ದು. 'ತಂತ್ರಾಂಶದ ಸಂಪೂರ್ಣ ಹಕ್ಕು ಕಂಪನಿಯದು, ಟ್ರೇಡ್‌ಮಾರ್ಕ್ ಪಡೆಯಲಾಗಿದೆ, ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗುವುದು' ಎಂದು ಬರೆದಿದ್ದೆ. ವರದಿ ಓದಿದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಜಮೀನು ಮಾರುವವರು ಪಹಣಿ ತೋರಿಸುತ್ತಾರೆ. ಈ ಕೋಡ್ ಕಂಪನಿಯದು ಎನ್ನುವುದಕ್ಕೆ ನೀವು ಯಾವ ಕಾಗದ ತೋರಿಸುತ್ತೀರಿ?" ನನ್ನ ಬಳಿ ಯಾವ ಕಾಗದವೂ ಇರಲಿಲ್ಲ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಕೋಡ್ ಬರೆದವರು ಯಾರು ಯಾರು ಎಂದು ಪಟ್ಟಿ ಮಾಡಿದ್ದು. ನೆನಪನ್ನು ನಂಬದೆ, ಕೋಡಿನ ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರಿನೊಂದಿಗೆ ಉಳಿಸಿಡುವ ಗಿಟ್ ದಾಖಲೆಯನ್ನೇ ಕೇಳಿದೆ:

```
git shortlog -sne --all
```

ಆರು ಹೆಸರು ಬಂದವು. ಮೂವರು ನಾವೇ, ಇಬ್ಬರು ಸಂಬಳದ ನೌಕರರು. ಆರನೆಯವನು ನನ್ನ ಕಾಲೇಜಿನ ಗೆಳೆಯ. 2021ರಲ್ಲಿ, ಕಂಪನಿ ಇನ್ನೂ ನೋಂದಣಿಯಾಗುವ ಮೊದಲೇ, ತೂಕ ಮತ್ತು ದಲಾಲಿ ಲೆಕ್ಕ ಹಾಕುವ ಮೂಲ ಭಾಗವನ್ನು ಅವನು ಬರೆದುಕೊಟ್ಟಿದ್ದ. ಅರುವತ್ತು ಸಾವಿರ ರೂಪಾಯಿ ಕೊಟ್ಟಿದ್ದೆವು. ಹಣ ಕೊಟ್ಟ ಮೇಲೆ ಕೋಡ್ ನಮ್ಮದೇ ಎಂದುಕೊಂಡಿದ್ದೆವು.

ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ತಂತ್ರಾಂಶವನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಕೋಡಿನ ಒಡೆತನ ಮಾಲೀಕರಿಗೆ ಸೇರುತ್ತದೆ. ಗುತ್ತಿಗೆಯ ಮೇಲೆ ಹೊರಗಿನವರು ಬರೆದ ಕೋಡಿನ ಒಡೆತನ ಬರೆದವರಲ್ಲೇ ಉಳಿಯುತ್ತದೆ. ಹೀಗಾಗಿ ಇಬ್ಬರು ನೌಕರರ ವಿಷಯದಲ್ಲಿ ನೇಮಕಾತಿ ಪತ್ರವೇ ಸಾಕಾಯಿತು. ಗೆಳೆಯನ ಭಾಗ ಅವನದೇ ಆಗಿತ್ತು. ನಾವು ಮೂವರು ಕಂಪನಿ ಹುಟ್ಟುವ ಮೊದಲು ಬರೆದದ್ದೂ ಕಂಪನಿಯದಾಗಿರಲಿಲ್ಲ, ನಮ್ಮ ನಮ್ಮ ಹೆಸರಿನಲ್ಲೇ ಇತ್ತು. ಹೊರಗಿನವರೊಬ್ಬರ ಕಾಗದ ಬಾಕಿ ಇರುವುದು ಯಾರ ಕಣ್ಣಿಗಾದರೂ ಬೀಳುತ್ತದೆ. ಸಂಸ್ಥಾಪಕರೇ ಬರೆದ ಕೋಡಿನ ಕಾಗದ ಬಾಕಿ ಇರುವುದು ಹೊಳೆಯುವುದೇ ಇಲ್ಲ.

ಇದಕ್ಕೆ ಪರಿಹಾರವೆಂದರೆ ಹಕ್ಕು ವರ್ಗಾವಣೆ ಪತ್ರ. ಇದನ್ನು ಬರೆಯುವಾಗ ಅದೇ ಕಾಯ್ದೆಯ 19ನೇ ಸೆಕ್ಷನ್ನನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಪತ್ರ ಲಿಖಿತವಾಗಿರಬೇಕು, ವರ್ಗಾಯಿಸುವವರ ಸಹಿ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಮೌನವಾಗಿದ್ದರೆ ಏನಾಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವಧಿ ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಪತ್ರದಲ್ಲಿ ಬೇರೆ ರೀತಿ ಹೇಳಿದ್ದರೆ ಮಾತ್ರ ಉಳಿಯುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಒಂದು ಅಮೆರಿಕದ ಮಾದರಿಯನ್ನು ನಾನು ತುಂಬಿಸಿಟ್ಟಿದ್ದೆ. ಅದರಲ್ಲಿ ಈ ಮೂರೂ ಮಾತು ಇರಲಿಲ್ಲ. ವಕೀಲರ ನೆರವಿನಿಂದ ಮತ್ತೆ ಬರೆದ ಪತ್ರದಲ್ಲಿ ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಇಡೀ ಜಗತ್ತಿಗೆ ಎಂದು ಸೇರಿಸಿದೆವು. ಒಂದು ವರ್ಷದ ನಿಯಮ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿದೆವು. ಯಾವ ಕೋಡ್ ಎಂಬ ಗೊಂದಲ ಉಳಿಯಬಾರದೆಂದು ಕೋಡ್ ಇಟ್ಟಿದ್ದ ರೆಪಾಸಿಟರಿಯ ಹೆಸರನ್ನೂ ಕೊನೆಯ ಬದಲಾವಣೆಯ ಕಮಿಟ್ ಸಂಖ್ಯೆಯನ್ನೂ ಅನುಬಂಧದಲ್ಲಿ ಹಾಕಿದೆವು.

ಗೆಳೆಯ ಪತ್ರ ಓದಿ, "ಆಗಲೇ ಕೇಳಿದ್ದರೆ ಆಗಲೇ ಸಹಿ ಹಾಕುತ್ತಿದ್ದೆನಲ್ಲ" ಎಂದ. ಹೆಚ್ಚುವರಿಯಾಗಿ ಹದಿನೈದು ಸಾವಿರ ರೂಪಾಯಿ ಗೊತ್ತುಮಾಡಿ ಪತ್ರದಲ್ಲೇ ನಮೂದಿಸಿದೆವು. ಬಂಡವಾಳ ಬಂದ ಮೇಲೆ ಕೇಳಿದ್ದರೆ ಅದೇ ಸಹಿಯ ಬೆಲೆ ಎಷ್ಟಾಗುತ್ತಿತ್ತೋ ಊಹಿಸಲಾರೆ.

ಪಹಣಿಯ ನಂತರ ಜಮೀನಿಗೆ ಋಣಭಾರ ಪತ್ರ ಕೇಳುವುದುಂಟು. ಕೋಡಿನ ಮಟ್ಟಿಗೆ ಅದು ಮುಕ್ತ ತಂತ್ರಾಂಶಗಳ ಪರವಾನಗಿ. ನಮ್ಮದು ಪೈಥಾನ್ ಆದ್ದರಿಂದ, ನಾವು ಬಳಸಿದ ಸಿದ್ಧ ಕೋಡ್ ಗ್ರಂಥಾಲಯಗಳ ಪರವಾನಗಿಯನ್ನು ಪಟ್ಟಿ ಮಾಡುವ `pip-licenses` ಓಡಿಸಿದೆ. ಹೆಚ್ಚಿನವು ಎಂಐಟಿ, ಬಿಎಸ್‌ಡಿ, ಅಪಾಚೆ ಪರವಾನಗಿಯವು. ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಇವು ತೊಂದರೆ ಕೊಡುವುದಿಲ್ಲ. ಒಂದು ಸಾಲಿನಲ್ಲಿ ಮಾತ್ರ ಎಜಿಪಿಎಲ್ ಎಂದಿತ್ತು. ಬಿಲ್ಲುಗಳ ಪಿಡಿಎಫ್‌ಗಾಗಿ ಬಳಸಿದ್ದ PyMuPDF ಅದು. ಸಾಮಾನ್ಯ ಜಿಪಿಎಲ್‌ನ ಷರತ್ತು ಪ್ರೋಗ್ರಾಂ ಅನ್ನು ಹಂಚಿದಾಗ ಎದ್ದು ನಿಲ್ಲುತ್ತದೆ. ಎಜಿಪಿಎಲ್ ಇನ್ನೂ ಮುಂದೆ ಹೋಗಿ, ಮಾರ್ಪಡಿಸಿದ ಪ್ರೋಗ್ರಾಂ ಅನ್ನು ಸರ್ವರ್‌ನಿಂದ ಬಳಸಲು ಬಿಟ್ಟರೂ ಬಳಕೆದಾರರಿಗೆ ಮೂಲ ಕೋಡ್ ಕೊಡಿ ಎನ್ನುತ್ತದೆ. ನಮ್ಮ ಪ್ರೋಗ್ರಾಂ ಅದರೊಂದಿಗೆ ಬೆರೆತು ಒಂದೇ ಕೃತಿಯಾಗಿದೆ ಎಂದು ಯಾರಾದರೂ ವಾದಿಸಲು ಅವಕಾಶವಿತ್ತು. ಅದರ ವಾಣಿಜ್ಯ ಪರವಾನಗಿಯನ್ನು ಕೊಳ್ಳಬಹುದಿತ್ತು, ಆದರೆ ನಾವು ಗ್ರಂಥಾಲಯವನ್ನೇ ಬದಲಿಸಿದೆವು. ಮೊದಲು ಪ್ರಯತ್ನಿಸಿದ ಪರ್ಯಾಯದಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬಂದವು. 'ಒಟ್ಟು ಮೊತ್ತ' ಎಂಬ ಎರಡು ಪದವೇ ಸರಿಯಾಗಿ ಮೂಡಲಿಲ್ಲ. ಕೊನೆಗೆ ಬಿಎಸ್‌ಡಿ ಪರವಾನಗಿಯ WeasyPrint ಕೆಲಸ ಮಾಡಿತು. ಎರಡು ವಾರ ಹಿಡಿಯಿತು. ಫಾಂಟಿಗೂ ಪರವಾನಗಿ ಉಂಟೆಂಬುದನ್ನು ಮರೆಯಬಾರದು. ನಾವು ಬಳಸುವ ನೋಟೊ ಸ್ಯಾನ್ಸ್ ಕನ್ನಡ ಮುಕ್ತ ಫಾಂಟ್ ಪರವಾನಗಿಯದು, ತಂತ್ರಾಂಶದ ಜೊತೆ ಕೊಡಬಹುದು.

ಟ್ರೇಡ್‌ಮಾರ್ಕ್ ವಿಷಯದಲ್ಲಿ 'ಪಡೆಯಲಾಗಿದೆ' ಎಂದು ಬರೆದದ್ದು ಸುಳ್ಳೇ ಆಗಿತ್ತು. ನಾವು 'ಅಡಿಕೆ ಲೆಕ್ಕ' ಎಂಬ ಹೆಸರಿಗೆ ಅರ್ಜಿ ಹಾಕಿದ್ದೆವು, ಅಷ್ಟೇ. ಜಾಲತಾಣದಲ್ಲಿ ಸ್ಥಿತಿ ನೋಡಿದರೆ `Objected` ಎಂದಿತ್ತು. ಸರಕಿನ ಗುಣವನ್ನೇ ಹೇಳುವ ಹೆಸರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡಿಯಾಗುತ್ತದೆ. ಹೆಸರು ಕನ್ನಡದಲ್ಲಿದೆ ಎಂಬುದು ರಕ್ಷಣೆಯಲ್ಲ, ಅಡಿಕೆಯ ಲೆಕ್ಕ ಇಡುವ ತಂತ್ರಾಂಶಕ್ಕೆ ಅಡಿಕೆ ಲೆಕ್ಕ ಎನ್ನುವುದನ್ನು ಒಬ್ಬರಿಗೇ ಬರೆದುಕೊಡಲಾಗದು. ಆಕ್ಷೇಪಣೆಗೆ ಉತ್ತರ ಕೊಡಲು ಮೂವತ್ತು ದಿನವಿತ್ತು. ದೀರ್ಘಕಾಲದ ಬಳಕೆಯಿಂದ ಹೆಸರು ನಮ್ಮದೆಂದು ಗುರುತಾಗಿದೆ ಎಂದು ವಾದಿಸುವಷ್ಟು ಪುರಾವೆ ನಮ್ಮಲ್ಲಿರಲಿಲ್ಲ. ಹೆಸರನ್ನೇ ಬಿಟ್ಟು, ಅಡಿಕೆಗೂ ಲೆಕ್ಕಕ್ಕೂ ಸಂಬಂಧವಿಲ್ಲದ ಒಂದು ಹಕ್ಕಿಯ ಹೆಸರನ್ನು ಆಯ್ದುಕೊಂಡೆವು. ಈ ಸಲ ಉಚ್ಚಾರಣೆಯ ಹೋಲಿಕೆಯನ್ನೂ ಹುಡುಕಿ ನೋಡಿದ ಮೇಲೆ, ಕಂಪನಿಯ ಹೆಸರಿನಲ್ಲಿ, ತಂತ್ರಾಂಶ ಮತ್ತು ತಂತ್ರಾಂಶ ಸೇವೆಗಳು ಬರುವ 9 ಮತ್ತು 42ನೇ ವರ್ಗಗಳಲ್ಲಿ ಅರ್ಜಿ ಹಾಕಿದೆವು. ನವೋದ್ಯಮಕ್ಕೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೂ ನಾಲ್ಕು ತಿಂಗಳು ಯಾರಾದರೂ ವಿರೋಧಿಸಬಹುದು. ಹಾಗಾಗಿ ವರದಿಯಲ್ಲಿ ಅರ್ಜಿ ಸಂಖ್ಯೆ, ದಿನಾಂಕ, ಅಂದಿನ ಸ್ಥಿತಿ ಇಷ್ಟನ್ನೇ ಬರೆದೆ. ನೋಂದಣಿಗೆ ಮೊದಲು ವೃತ್ತದೊಳಗಿನ ಆರ್ ಚಿಹ್ನೆ ಹಾಕುವುದು ಅಪರಾಧ. ನಮ್ಮ ಕರಪತ್ರದಿಂದ ಅದನ್ನು ತೆಗೆಸಿದೆ.

ಪೇಟೆಂಟಿನ ಸಾಲನ್ನು ಹೊಡೆದುಹಾಕಿದೆ. ಲೆಕ್ಕದ ವಿಧಾನ, ವ್ಯಾಪಾರದ ವಿಧಾನ, ಬರಿಯ ಪ್ರೋಗ್ರಾಂ ಇವನ್ನು ಪೇಟೆಂಟ್ ಕಾಯ್ದೆಯ 3(ಕೆ) ಹೊರಗಿಡುತ್ತದೆ. ನಮ್ಮದು ಬೇರೇನೂ ಆಗಿರಲಿಲ್ಲ.

ಕೊನೆಯದು, ನಾವು ಗ್ರಾಹಕರಿಗೆ ಕೊಡುವ ಪರವಾನಗಿ. ಒಂದು ದೊಡ್ಡ ಮಂಡಿಯ ಕೆಲಸದ ಆದೇಶದಲ್ಲಿ 'ಅಭಿವೃದ್ಧಿಪಡಿಸಿದ ಎಲ್ಲ ತಂತ್ರಾಂಶವೂ ಖರೀದಿದಾರರದು' ಎಂಬ ವಾಕ್ಯವಿತ್ತು. ಹಾಗೆಯೇ ಸಹಿ ಹಾಕಿದ್ದರೆ ಗೆಳೆಯನಿಂದ ಪಡೆದದ್ದೂ ಅವರಿಗೆ ಹೋಗುತ್ತಿತ್ತೆಂದು ಅವರು ವಾದಿಸಬಹುದಿತ್ತು. ಮೂಲ ತಂತ್ರಾಂಶ ನಮ್ಮದು, ಅದರ ಬಳಕೆಗೆ ವಾರ್ಷಿಕ ಪರವಾನಗಿ, ಅವರಿಗೆಂದೇ ಮಾಡಿದ ವರದಿ ನಮೂನೆಗಳು ಅವರವು, ರೈತರ ಮತ್ತು ವಹಿವಾಟಿನ ದತ್ತಾಂಶದ ಮೇಲೆ ನಮಗೆ ಹಕ್ಕಿಲ್ಲ ಎಂದು ತಿದ್ದಿಸಲು ಮೂರು ಬಾರಿ ಹೋಗಿ ಬಂದೆ.

ಈಗ ವರದಿಯ ಬೌದ್ಧಿಕ ಆಸ್ತಿಯ ಭಾಗ ಎರಡು ಪುಟದ ಒಂದು ಕೋಷ್ಟಕ: ವಸ್ತು, ಮಾಡಿದವರು, ಒಡೆಯರು, ಕಾಗದ, ಬಾಕಿ. ಲೋಗೊದ ಸಾಲಿನಲ್ಲಿ ಇಂದಿಗೂ ಕಾಗದದ ಅಂಕಣ ಖಾಲಿ. ಅದನ್ನು ಬರೆದ ಚಿತ್ರಕಾರರು ವಿದೇಶದಲ್ಲಿದ್ದಾರೆ, ಪತ್ರ ಅಂಚೆಯಲ್ಲಿದೆ. 'ಬಾಕಿ' ಅಂಕಣದಲ್ಲಿ ಪತ್ರ ಕಳಿಸಿದ ದಿನಾಂಕವನ್ನು ನಮೂದಿಸಿ, ಸಹಿ ಬಾರದಿದ್ದರೆ ಲೋಗೊ ಬದಲಿಸುತ್ತೇವೆ ಎಂದು ಬರೆದಿದ್ದೇನೆ.