ಬಾಗಿಲಲ್ಲಿ ಆರತಿ: ನೀರು ಕೊಡುವುದರಿಂದ ಕುಂಕುಮ ಇಡುವವರೆಗೆ

ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ನಮ್ಮ ಕಡೆಯ ಅತಿಥಿ ಸತ್ಕಾರದ ಅಷ್ಟೂ ಕ್ರಮ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ. ದೇವರ ಪೂಜೆಯ ಹದಿನಾರು ಉಪಚಾರಗಳನ್ನೇ ನೋಡಿ. ಆವಾಹನೆ ಮಾಡಿ ಆಸನ ಕೊಟ್ಟ ಮೇಲೆ ಕಾಲಿಗೆ ಪಾದ್ಯ, ಕೈಗೆ ಅರ್ಘ್ಯ, ಬಾಯಿಗೆ ಆಚಮನ. ಬಿಸಿಲಲ್ಲಿ ನಡೆದು ಬಂದ ನೆಂಟರಿಗೆ ಏನೇನು ಬೇಕೋ ಅದನ್ನೇ ದೇವರಿಗೂ ಕೊಡುತ್ತೇವೆ. ಹೂವು, ದೀಪ, ನೈವೇದ್ಯ ಎಲ್ಲ ಅನಂತರದ ಮಾತು.

ಹಾಗಾಗಿ ಹೊಸ್ತಿಲ ಹೊರಗೆ ಒಂದು ಬಕೆಟ್ ನೀರು, ಚೊಂಬು ಇಟ್ಟುಕೊಳ್ಳುವುದು ಮೊದಲ ಕೆಲಸ. ನೀರನ್ನು ಪಾದದ ಮೇಲಷ್ಟೇ ಸುರಿದುಕೊಂಡರೆ ಸಾಲದು, ಹಿಮ್ಮಡಿಯೂ ನೆನೆಯಬೇಕು. ಹಿಮ್ಮಡಿ ಒಣಗಿದ್ದರೆ ಶನಿ ಹಿಂದೆ ಬರುತ್ತಾನೆ ಎಂದು ಅಜ್ಜಿಯರು ಹೆದರಿಸುತ್ತಿದ್ದುದು ಅದಕ್ಕೇ. ದಾರಿಯ ಧೂಳು ಹೆಚ್ಚು ಕೂರುವುದು ಅಲ್ಲೇ. ಕಾಲು ತೊಳೆದು ಒಳಗೆ ಬಂದವರಿಗೆ ಒಂದು ತಂಬಿಗೆ ತಣ್ಣೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಮಲೆನಾಡು, ಕರಾವಳಿಯ ಹಲವು ಮನೆಗಳಲ್ಲಿ ಇಂದಿಗೂ ಕಾಫಿಗಿಂತ ಮೊದಲು ಬರುವುದು ಇದೇ. ಬೆಲ್ಲವನ್ನು ಮೊದಲು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯಬೇಕು. ಬೆವರಿ ಬಂದವರು ಖಾಲಿ ಹೊಟ್ಟೆಗೆ ಗಟಗಟನೆ ನೀರು ಸುರಿದುಕೊಳ್ಳುವುದನ್ನು ಬೆಲ್ಲದ ತುಂಡು ತಡೆಯುತ್ತದೆ. ಮಧುಮೇಹ ಇರುವವರು ಬೆಲ್ಲ ಬಿಟ್ಟು ನೀರಷ್ಟೇ ತೆಗೆದುಕೊಂಡರೆ ಯಾವ ಲೋಪವೂ ಇಲ್ಲ. ಮತ್ತೆ ಮತ್ತೆ ಒತ್ತಾಯ ಮಾಡಬೇಡಿ.

ದಿನನಿತ್ಯದ ಅತಿಥಿಗೆ ಇಷ್ಟು ಸಾಕು. ಮದುವೆಯಾಗಿ ಮೊದಲ ಸಲ ಮನೆಗೆ ಬರುವ ಮದುಮಕ್ಕಳಿಗೆ, ಬಾಣಂತನ ಮುಗಿಸಿ ಕೂಸಿನೊಂದಿಗೆ ಬರುವ ಸೊಸೆಗೆ ಬಾಗಿಲಲ್ಲೇ ಆರತಿ ಆಗಬೇಕು. ಈಗಿನವರಿಗೆ ಕೈ ತಪ್ಪುವುದು ಇಲ್ಲೇ ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಕೆಂಪು ನೀರು ಕದಡುವುದು

ಆರತಿಯ ನೀರಿಗೆ ಕೆಲವು ಕಡೆ ಓಕುಳಿ ಎನ್ನುತ್ತಾರೆ. ಬೇಕಾದದ್ದು ಅಗಲವಾದ ಹಿತ್ತಾಳೆ ಅಥವಾ ಸ್ಟೀಲ್ ತಟ್ಟೆ, ಎರಡು ಲೋಟ ನೀರು, ಅರ್ಧ ಚಮಚ ಅರಿಶಿನ ಪುಡಿ, ಎಲೆ ಅಡಿಕೆಗೆ ಹಚ್ಚುವ ಸುಣ್ಣ ಕಡಲೆ ಗಾತ್ರದಷ್ಟು. ಅಲ್ಯೂಮಿನಿಯಂ ತಟ್ಟೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಮೊದಲು ಅರಿಶಿನವನ್ನು ನೀರಿಗೆ ಹಾಕಿ ಗಂಟಿಲ್ಲದಂತೆ ಕದಡಿ. ಸುಣ್ಣವನ್ನು ಬೇರೆ ಬಟ್ಟಲಲ್ಲಿ ಸ್ವಲ್ಪ ನೀರಲ್ಲಿ ಕರಗಿಸಿ, ಅದನ್ನು ಹಳದಿ ನೀರಿಗೆ ನಿಧಾನವಾಗಿ ಬಿಡುತ್ತಾ ತಿರುಗಿಸಿ. ಬಿದ್ದ ಕಡೆಯಿಂದಲೇ ಕೆಂಪು ಹರಡುತ್ತಾ ಹೋಗುತ್ತದೆ. ಅರಿಶಿನದ ಬಣ್ಣದ ಅಂಶವಾದ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಅಷ್ಟೇ ಗುಟ್ಟು. ಬೇರೆ ಬಣ್ಣದ ಪುಡಿ ಬೆರೆಸುವ ಅಗತ್ಯ ಇಲ್ಲವೇ ಇಲ್ಲ.

ಎಷ್ಟು ಸುಣ್ಣ ಹಾಕಿದರೂ ನೀರು ಹಳದಿಯಾಗಿಯೇ ಉಳಿದರೆ ಸುಣ್ಣ ಹಳೆಯದು ಎಂದರ್ಥ. ಡಬ್ಬಿಯ ಬಾಯಿ ತೆರೆದಿಟ್ಟ ಸುಣ್ಣ ಗಾಳಿಗೆ ಒಣಗಿ ಸೀಮೆಸುಣ್ಣದಂತಾಗಿ ಕ್ಷಾರಗುಣ ಕಳೆದುಕೊಳ್ಳುತ್ತದೆ. ಹೊಸದನ್ನು ತನ್ನಿ. ನೀರು ತಿಳಿಯಾಗಿ ಕಂಡರೆ ಅರಿಶಿನ ಕಡಿಮೆಯಾಗಿದೆ. ಬೆಳಿಗ್ಗೆಯೇ ಕದಡಿಟ್ಟು ಸಂಜೆಗೆ ಬಳಸುವ ಯೋಚನೆ ಬೇಡ. ಕ್ಷಾರದಲ್ಲಿ ಅರಿಶಿನದ ಬಣ್ಣ ಹೆಚ್ಚು ಹೊತ್ತು ನಿಲ್ಲದೆ ಮಂಕಾಗುತ್ತದೆ. ಮದುಮಕ್ಕಳ ಕಾರು ಊರ ಹತ್ತಿರ ಬಂತು ಎಂದು ಫೋನ್ ಬಂದಾಗ ಕದಡಿದರೆ ಸರಿಯಾದ ಸಮಯ.

ತಟ್ಟೆಯ ನಡುವೆ ಒಂದು ವೀಳ್ಯದೆಲೆ ತೇಲಿಬಿಟ್ಟು ಅದರ ಮೇಲೆ ಕರ್ಪೂರದ ಬಿಲ್ಲೆ ಇಡುವವರಿದ್ದಾರೆ. ಆದರೆ ಎಲೆ ಓಲಾಡಿ ಕರ್ಪೂರ ನೀರಿಗೆ ಜಾರುವುದುಂಟು. ಅದಕ್ಕೆ ಪುಟ್ಟ ಹಣತೆಯೊಂದನ್ನು ತಟ್ಟೆಯ ಮಧ್ಯದಲ್ಲಿ ನಿಲ್ಲಿಸಿ, ತುಪ್ಪದ ಬತ್ತಿ ಹಚ್ಚುವುದು ಒಳ್ಳೆಯದು. ಅಮೆರಿಕ, ಇಂಗ್ಲೆಂಡಿನ ಮನೆಗಳಲ್ಲಂತೂ ಕರ್ಪೂರದ ಹೊಗೆಗೆ ಅಲಾರಂ ಕೂಗಿಕೊಳ್ಳಬಹುದು. ಅಲ್ಲಿನವರು ತುಪ್ಪದ ಬತ್ತಿಯನ್ನೇ ನೆಚ್ಚಿಕೊಳ್ಳಲಿ.

ಎತ್ತುವುದು, ಇಡುವುದು, ಚೆಲ್ಲುವುದು

ಮದುಮಕ್ಕಳನ್ನು ಹೊಸ್ತಿಲ ಹೊರಗೆ, ಮುಖ ಮನೆಯ ಕಡೆ ಇರುವಂತೆ ನಿಲ್ಲಿಸಿ. ಇಬ್ಬರು ಹೆಂಗಸರು ಎದುರುಬದುರಾಗಿ ನಿಂತು ತಟ್ಟೆಯ ಅಂಚನ್ನು ಎರಡೂ ಕಡೆಯಿಂದ ಹಿಡಿದು, ಪ್ರದಕ್ಷಿಣೆಯಂತೆ ಮೂರು ಸುತ್ತು ನಿಧಾನವಾಗಿ ಎತ್ತಬೇಕು. ತಟ್ಟೆ ಎದೆಯ ಮಟ್ಟಕ್ಕಿಂತ ಮೇಲೆ ಹೋಗದಿರಲಿ, ಸೆರಗು ದೀಪಕ್ಕೆ ತಾಗದಂತೆ ಸಿಕ್ಕಿಸಿಕೊಂಡಿರಲಿ. ಹಾಡು ಬಲ್ಲವರು ಒಬ್ಬರಿದ್ದರೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಆಮೇಲೆ ಕೆಂಪು ನೀರಿಗೆ ಬೆರಳದ್ದಿ ಇಬ್ಬರ ಹಣೆಗೂ ಬೊಟ್ಟು. ಒಂದು ಹನಿ ಸಾಕು, ಅದು ಮೂಗಿನ ಮೇಲೆ ಇಳಿದು ಕಣ್ಣಿಗೆ ಹೋದರೆ ಸುಣ್ಣ ಉರಿಯುತ್ತದೆ. ಕೂಸಿನ ಹಣೆಗೆ ಈ ನೀರು ಬೇಡವೇ ಬೇಡ. ತಟ್ಟೆ ಎತ್ತಿ, ಬೊಟ್ಟನ್ನು ತಾಯಿಗಷ್ಟೇ ಇಡಿ.

ಇದರ ಅರ್ಥ ಎಲ್ಲರಿಗೂ ಗೊತ್ತಿರುವುದೇ: ದೃಷ್ಟಿ ತೆಗೆಯುವುದು. ದಾರಿಯುದ್ದಕ್ಕೂ ಕಂಡವರ ಕಣ್ಣು ಬಿದ್ದಿದ್ದರೆ ಅದು ಕೆಂಪು ನೀರಿನ ಪಾಲಾಗಲಿ, ಮನೆಯೊಳಗೆ ಬರದಿರಲಿ ಎಂದು. ನೀರನ್ನು ಒಳಗೆ ಒಯ್ಯದೆ ಹೊರಗೆ ಚೆಲ್ಲುವುದೂ ಅದಕ್ಕೇ. ಯಾರೂ ತುಳಿಯದ ಮೂಲೆಯಲ್ಲಿ ಸುರಿದರೆ ಸರಿ. ತುಳಸಿಕಟ್ಟೆಗೆ, ಪುಟ್ಟ ಕುಂಡಕ್ಕೆ ಹಾಕಬೇಡಿ. ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲ ಮೇಲೆ ಚೆಲ್ಲಿದರೆ ಹಿಂದೆ ಬರುವವರು ಜಾರುತ್ತಾರೆ. ಬಕೆಟ್ಟಿಗೆ ಸುರಿದು ಕೆಳಗೊಯ್ದು ಚೆಲ್ಲಿ. ರೇಷ್ಮೆ ಸೀರೆಗೆ ಒಂದು ಹನಿ ಬಿದ್ದರೆ ಗಾಬರಿಯಾಗಿ ಸೋಪು ಹಚ್ಚಬೇಡಿ. ಸೋಪೂ ಕ್ಷಾರವೇ, ಕಲೆ ಇನ್ನಷ್ಟು ಕೆಂಪಾಗುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ ತೆಗೆದು, ಒಳ್ಳೆಯ ಸೀರೆಯನ್ನು ಡ್ರೈ ಕ್ಲೀನಿಂಗ್‌ಗೆ ಕೊಡಿ. ಹತ್ತಿ ಬಟ್ಟೆಯಾದರೆ ತೊಳೆದು ಬಿಸಿಲಿಗೆ ಹಾಕಿ, ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ.

ಇನ್ನು ಹೊಸ್ತಿಲ ಮೇಲೆ ಸೇರು ತುಂಬ ಅಕ್ಕಿ, ಮೇಲೊಂದು ಅಚ್ಚು ಬೆಲ್ಲ. ಮದುಮಗಳು ಬಲಗಾಲಿನಿಂದ ಅದನ್ನು ಮೆಲ್ಲಗೆ ಒಳಮುಖವಾಗಿ ಉರುಳಿಸಿ ಬಲಗಾಲಿಟ್ಟೇ ಒಳಗೆ ಬರುತ್ತಾಳೆ. ಅಕ್ಕಿ ಒಳಗೆ ಹರಡಿದಷ್ಟು ಮನೆ ತುಂಬಿತು ಎಂದು ಲೆಕ್ಕ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿದ್ದರೆ ಆ ಅಕ್ಕಿ ಅನ್ನಕ್ಕೆ ಬರುತ್ತದೆ. ಬಾಗಿಲಿಗೆ ಅಡ್ಡ ನಿಲ್ಲುವ ನಾದಿನಿ, ಹೆಸರು ಹೇಳಿಸುವ ಒಡಪು, ಇವೆಲ್ಲ ಆಯಾ ಮನೆಯ ಸಂಭ್ರಮ. ಆದರೆ ಹಸಿದು ನಿಂತವರನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸುವಷ್ಟು ಎಳೆಯುವುದು ಬೇಡ.

ಹೊರಡುವಾಗ ಕುಂಕುಮ, ಹೂವು

ಬಂದ ಹೆಂಗಸರು ಹೊರಡುವಾಗ ಅರಿಶಿನ, ಆಮೇಲೆ ಕುಂಕುಮ, ಕೊನೆಗೆ ಹೂವು. ಉಂಗುರದ ಬೆರಳಿನಿಂದ ನೀವೇ ಹಣೆಗಿಡಬಹುದು, ಭರಣಿ ಮುಂದೆ ಹಿಡಿದರೆ ಅವರೇ ಇಟ್ಟುಕೊಳ್ಳಬಹುದು. ಹಿರಿಯರಿಗೆ ಎರಡನೆಯದೇ ಗೌರವ. ಮಲ್ಲಿಗೆ ಮೊಳ ಕೊಡುವಾಗ ಎರಡು ವೀಳ್ಯದೆಲೆ, ಎರಡು ಅಡಿಕೆಯೂ ಜೊತೆಗಿರಲಿ. ಮನೆಯ ಶುಭವನ್ನು ಬಂದವರ ಕೈಗೂ ಹಂಚಿದಂತೆ ಅದು. ಅಂಗಡಿಯ ಕುಂಕುಮದಲ್ಲಿ ಬಣ್ಣದ ರಾಸಾಯನಿಕ ಇದ್ದರೆ ಹಲವರಿಗೆ ಹಣೆ ತುರಿಸುತ್ತದೆ. ಅರಿಶಿನದಿಂದ ಮಾಡಿದ ಕುಂಕುಮ ಹುಡುಕಿ ಇಟ್ಟುಕೊಳ್ಳಿ.

ಗಂಡ ತೀರಿಕೊಂಡ ಅಕ್ಕನೋ ಚಿಕ್ಕಮ್ಮನೋ ಕೂತಿದ್ದಾಗ ಅವರ ಮುಂದೆ ಭರಣಿಯನ್ನು ಸರ್ರನೆ ದಾಟಿಸಿಕೊಂಡು ಹೋಗುವ ಪದ್ಧತಿ ನಿಲ್ಲಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಲ್ಲರ ಮುಂದೆಯೂ ಒಂದೇ ಥರ ಹಿಡಿಯಿರಿ. ತೆಗೆದುಕೊಳ್ಳುವುದು, ಬಿಡುವುದು ಅವರಿಷ್ಟ. ಹೂವನ್ನಂತೂ ಯಾವ ಹೆಣ್ಣಿಗೂ ತಪ್ಪಿಸಬೇಡಿ.