‘ನಂ. 1’ ಅಳಿಸಿ, ನೋಂದಣಿ ಸಂಖ್ಯೆ ಬರೆಯಿರಿ

ದಾವಣಗೆರೆಯ ಫಿಸಿಷಿಯನ್ ಒಬ್ಬರು ತಮ್ಮ ಕ್ಲಿನಿಕ್ಕಿನ ವೆಬ್‌ಸೈಟಿಗೆಂದು ಬರೆಸಿದ್ದ ಪರಿಚಯ ಹೀಗಿತ್ತು: ‘ಮಧ್ಯ ಕರ್ನಾಟಕದ ನಂ. 1 ಮಧುಮೇಹ ತಜ್ಞರು. 50 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗುಣಪಡಿಸಿದ್ದಾರೆ. ಲಂಡನ್‌ನಲ್ಲಿ ತರಬೇತಿ. ನಿಮ್ಮ ಶುಗರ್‌ಗೆ ಶಾಶ್ವತ ಪರಿಹಾರ.’ ಡಾಕ್ಟರು ಸುಳ್ಳು ಹೇಳುವವರಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಎಲ್ಲರಿಗೂ ಬರೆಯುವ ಹಾಗೆ ಇವರಿಗೂ ಬರೆದಿದ್ದ, ಇವರು ಓದದೆ ‘ಆಯ್ತಪ್ಪಾ’ ಅಂದಿದ್ದರು. ಡಾಕ್ಟರೂ ನಾನೂ ಕೂತು ತಿದ್ದಿದ ಈ ನಾಲ್ಕು ವಾಕ್ಯಗಳನ್ನೇ ಒಂದೊಂದಾಗಿ ನೋಡುತ್ತ ಹೋದರೆ ಪರಿಚಯ ಬರೆಯುವ ಕ್ರಮವೂ ತಿಳಿಯುತ್ತದೆ.

ಮೊದಲು ನೋಂದಣಿ

ಬರೆಯಲು ಕೂರುವ ಮುನ್ನ ಭಾರತೀಯ ವೈದ್ಯಕೀಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರನ್ನು ನೀವೇ ಹುಡುಕಿ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ರೋಗಿಯ ಕಾಲೇಜು ಓದುವ ಮಗಳು ಮೊದಲು ಹುಡುಕುವುದೂ ಅಲ್ಲೇ. ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಬೋರ್ಡಿನಲ್ಲಿ ಒಂದು ಹೆಸರು, ರಿಜಿಸ್ಟರಿನಲ್ಲಿ ಇನ್ನೊಂದು. ಮದುವೆಯ ನಂತರ ಹೆಸರು ಬದಲಾದವರಿಗೆ, ಇನಿಷಿಯಲ್ ಬಿಟ್ಟವರಿಗೆ ಹೀಗಾಗುತ್ತದೆ. ಇನ್ನೊಂದು, ಎಂಡಿ ಮುಗಿದು ವರ್ಷಗಳಾದರೂ ಹೆಚ್ಚುವರಿ ಅರ್ಹತೆ ಎಂದು ಅದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಸೇರಿಸದೇ ಇರುವುದು. ಆಗ ಹುಡುಕಿದವರಿಗೆ ಬರೀ ಎಂಬಿಬಿಎಸ್ ಕಾಣುತ್ತದೆ, ಅನುಮಾನ ಅಲ್ಲೇ ಹುಟ್ಟುತ್ತದೆ. ಇವೆರಡನ್ನೂ ಸರಿಮಾಡಿಸಿಕೊಂಡು, ರಿಜಿಸ್ಟರಿನಲ್ಲಿರುವ ಹೆಸರು ಮತ್ತು ಸಂಖ್ಯೆಯನ್ನೇ ಪರಿಚಯದ ಮೊದಲ ಸಾಲಿನಲ್ಲಿ ಹಾಕಿ. ಕ್ಲಿನಿಕ್ಕಿನಲ್ಲಿ, ಚೀಟಿಯಲ್ಲಿ, ರಸೀದಿಯಲ್ಲಿ ಈ ಸಂಖ್ಯೆ ಇರಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಗೂ ಹೇಳುತ್ತವೆ.

‘ತಜ್ಞ’ ಎಂಬ ಪದ

ಆ ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದೆ ತಜ್ಞ ಎಂದು ಹೇಳಿಕೊಳ್ಳಬಾರದು ಎನ್ನುವುದೂ ಅದೇ ನಿಯಮಗಳಲ್ಲಿದೆ. ನಮ್ಮ ಡಾಕ್ಟರದ್ದು ಜನರಲ್ ಮೆಡಿಸಿನ್‌ನಲ್ಲಿ ಎಂಡಿ, ಜೊತೆಗೆ ಮಧುಮೇಹದ ಬಗ್ಗೆ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್. ಎಂಡಿ ಆದ ಮೇಲೆ ಮತ್ತೆ ಮೂರು ವರ್ಷ ಓದಿ ಹಾರ್ಮೋನು ವಿಭಾಗದಲ್ಲಿ ಡಿಎಂ ಮಾಡಿದವರು ಬೇರೆ, ಇವರು ಬೇರೆ. ಹಾಗಂತ ಇವರ ಓದು ಕಡಿಮೆಯದಲ್ಲ. ಶುಗರ್ ಇರುವ ಬಹುಪಾಲು ಜನರನ್ನು ನೋಡಿಕೊಳ್ಳುವವರು ಫಿಸಿಷಿಯನ್‌ಗಳೇ. ಆದ್ದರಿಂದ ‘ಫಿಸಿಷಿಯನ್’ ಎಂದೇ ಬರೆದೆವು. ಕೋರ್ಸಿನ ಹೆಸರು, ಅವಧಿ, ವರ್ಷವನ್ನು ಪ್ರತ್ಯೇಕವಾಗಿ ಕೊಟ್ಟೆವು.

‘ಲಂಡನ್‌ನಲ್ಲಿ ತರಬೇತಿ’ ಎಲ್ಲಿಂದ ಬಂತೆಂದು ಕೇಳಿದೆ. ಎರಡು ದಿನದ ಸಮ್ಮೇಳನಕ್ಕೆ ಹೋಗಿದ್ದರಂತೆ. ನಕ್ಕು ಅವರೇ ಅಳಿಸಿದರು. ‘ನಂ. 1’ ಅನ್ನು ನಾನು ಅಳಿಸಿದೆ. ಯಾರು ಅಳೆದರು, ಯಾವಾಗ ಅಳೆದರು ಎಂದು ಕೇಳಿದರೆ ಉತ್ತರವಿಲ್ಲ. ಜೊತೆಗೆ ತನ್ನ ಕೌಶಲ, ಸಾಧನೆಗಳತ್ತ ಗಮನ ಸೆಳೆಯುವಂಥ ಪ್ರಚಾರವನ್ನೇ 2002ರ ನಿಯಮಗಳು ವೈದ್ಯರಿಗೆ ಬೇಡವೆನ್ನುತ್ತವೆ.

50 ಸಾವಿರದ ಲೆಕ್ಕ

ಇದು ಎಲ್ಲರೂ ಇಷ್ಟಪಟ್ಟು ಹಾಕುವ ಅಂಕಿ. ಡಾಕ್ಟರ ಎದುರೇ ಕೂತು ಲೆಕ್ಕ ಹಾಕಿದೆವು. ದಿನಕ್ಕೆ ಸುಮಾರು 15 ಶುಗರ್ ರೋಗಿಗಳು, ವರ್ಷಕ್ಕೆ 300 ದಿನ, 12 ವರ್ಷ ಅಂದರೆ 54 ಸಾವಿರ. ಆದರೆ ಇದು ಭೇಟಿಗಳ ಲೆಕ್ಕ, ಜನರ ಲೆಕ್ಕವಲ್ಲ. ಶುಗರ್ ಇರುವವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಒಬ್ಬರು ಸರಾಸರಿ ಐದು ವರ್ಷ ಬಂದರೂ 20 ಭೇಟಿ. ಭಾಗಿಸಿದರೆ ಉಳಿಯುವುದು 2,700 ಜನ. ಡಾಕ್ಟರ ಮುಖ ಸ್ವಲ್ಪ ಸಪ್ಪಗಾಯಿತು. ನನಗೇನೋ 2,700 ಮನೆಗಳ ಸಕ್ಕರೆಯನ್ನು ವರ್ಷಗಟ್ಟಲೆ ಕಾಯ್ದದ್ದೇ ದೊಡ್ಡದು ಅನ್ನಿಸಿತು. ಕೊನೆಗೆ ಎರಡೂ ಅಂಕಿ ಬೇಡವೆಂದಾಯಿತು, ಯಾಕೆಂದರೆ ರೋಗಿಗೆ ಇದನ್ನು ಪರೀಕ್ಷಿಸಿ ನೋಡುವ ದಾರಿಯಿಲ್ಲ. ಬದಲಿಗೆ ‘2013ರಿಂದ ದಾವಣಗೆರೆಯಲ್ಲಿ ವೃತ್ತಿ’ ಎಂದಷ್ಟೇ ಬರೆದೆವು. ‘12 ವರ್ಷಗಳ ಅನುಭವ’ ಎಂದರೆ ಮುಂದಿನ ಯುಗಾದಿಗೆ ಅದು ಹಳತು, ಇಸವಿ ಹಳತಾಗುವುದಿಲ್ಲ.

‘ಗುಣಪಡಿಸಿದ್ದಾರೆ’ ಯಾಕೆ ಬೇಡ

ಇದೇ ನಾಲ್ಕರಲ್ಲಿ ಅತಿ ಅಪಾಯದ ವಾಕ್ಯ. ಟೈಪ್ 2 ಮಧುಮೇಹದಲ್ಲಿ ಕೆಲವರು ತೂಕ ಇಳಿಸಿ, ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಅವರ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 6.5ಕ್ಕಿಂತ ಕೆಳಗೇ ಇರುತ್ತದೆ. ಇದಕ್ಕೆ ವೈದ್ಯರು ರೆಮಿಷನ್ ಅನ್ನುತ್ತಾರೆ, ಗುಣ ಅನ್ನುವುದಿಲ್ಲ. ತೂಕ ಮತ್ತೆ ಏರಿದರೆ ಸಕ್ಕರೆಯೂ ಏರಬಹುದು. ಹಾಗಾಗಿ ತಪಾಸಣೆ ನಿಲ್ಲಿಸುವಂತಿಲ್ಲ. ‘ಶಾಶ್ವತ ಪರಿಹಾರ’ ಓದಿದ ರೋಗಿ ಆರು ತಿಂಗಳಿಗೆ ಮಾತ್ರೆ ಬಿಟ್ಟು, ಕಾಲಿನ ಹುಣ್ಣಿನೊಂದಿಗೆ ವಾಪಸ್ ಬಂದರೆ ಆ ಎರಡು ಪದಗಳಿಗೆ ಡಾಕ್ಟರೇ ಉತ್ತರ ಕೊಡಬೇಕು. ಮಧುಮೇಹವನ್ನು ಗುಣಪಡಿಸುವ ಔಷಧವೆಂದು ಜಾಹೀರಾತು ಕೊಡುವುದನ್ನಂತೂ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ.

ಆ ಜಾಗದಲ್ಲಿ ಈ ಕ್ಲಿನಿಕ್ಕಿನಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಬರೆಯಿರಿ. ಅದರ ಜೊತೆಗೇ ಏನು ನಡೆಯುವುದಿಲ್ಲ ಎನ್ನುವುದನ್ನೂ. ಇದಕ್ಕೆ ಡಾಕ್ಟರು ಮೊದಲು ಒಪ್ಪಲಿಲ್ಲ, ‘ಇಲ್ಲ ಅಂತ ಯಾರಾದ್ರೂ ಬೋರ್ಡ್ ಹಾಕ್ತಾರೇನ್ರೀ?’ ಅಂದರು. ಆದರೆ ಜಗಳೂರಿನಿಂದ ಬಸ್ ಹಿಡಿದು ರಾತ್ರಿ ಬಂದು ಬಾಗಿಲು ಮುಚ್ಚಿದ್ದನ್ನು ನೋಡಿದವರು ಮತ್ತೆ ಬರುವುದಿಲ್ಲ. ಕಳಿಸಿಕೊಡುವ ರೋಗಗಳನ್ನು ಮೊದಲೇ ಹೇಳುವ ಡಾಕ್ಟರು ಉಳಿದದ್ದನ್ನು ನಿಜವಾಗಿ ನೋಡುತ್ತಾರೆ ಎಂದು ಜನ ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ತಿದ್ದಿದ ಮೇಲೆ ಪರಿಚಯ ಹೀಗಾಯಿತು:

‘ಡಾ. …, ಫಿಸಿಷಿಯನ್. ಎಂಬಿಬಿಎಸ್, ಎಂಡಿ (ಜನರಲ್ ಮೆಡಿಸಿನ್). ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ: … 2013ರಿಂದ ದಾವಣಗೆರೆಯಲ್ಲಿ ವೃತ್ತಿ. ಮಧುಮೇಹ ಚಿಕಿತ್ಸೆಯಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ (2015). ದೊಡ್ಡವರ ಶುಗರ್, ಬಿಪಿ, ಥೈರಾಯ್ಡ್ ನೋಡುತ್ತಾರೆ. ಶುಗರ್ ಇರುವವರಿಗೆ ಪಾದದ ಸ್ಪರ್ಶ ಪರೀಕ್ಷೆ ಇಲ್ಲೇ ಇದೆ. ಕಣ್ಣಿನ ರೆಟಿನಾ ಪರೀಕ್ಷೆಗೆ ಕಣ್ಣಿನ ವೈದ್ಯರಲ್ಲಿಗೆ ಕಳಿಸುತ್ತಾರೆ. ಮಕ್ಕಳ ಮಧುಮೇಹ, ಗರ್ಭಿಣಿಯರ ಇನ್ಸುಲಿನ್, ಕೊಳೆತ ಗಾಯಗಳನ್ನು ಆಯಾ ತಜ್ಞರಿಗೆ ಒಪ್ಪಿಸುತ್ತಾರೆ. ರಾತ್ರಿ ತುರ್ತು ಚಿಕಿತ್ಸೆ ಇಲ್ಲ. ಕನ್ನಡ, ಉರ್ದು, ತೆಲುಗು ಮಾತಾಡುತ್ತಾರೆ.’

ಇದರ ಕೆಳಗೆ ಸಮಯ, ಫೀಸು, ರಜೆಯ ದಿನ, ಪುಟ ತಿದ್ದಿದ ದಿನಾಂಕ. ಫೀಸು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕೆಂದು ನಿಯಮವೇ ಇದೆ. ‘ಡಾಕ್ಟರು ದೇವರು’ ಎನ್ನುವ ರೋಗಿಗಳ ಹೊಗಳಿಕೆ, ಚಿಕಿತ್ಸೆಗೆ ಮುಂಚೆ ಮತ್ತು ಆಮೇಲಿನ ಫೋಟೊಗಳನ್ನು ಬಿಟ್ಟೆವು. ಊರು ಚಿಕ್ಕದು, ಬರೀ ಪಾದದ ಫೋಟೊ ನೋಡಿ ಯಾರ ಮನೆಯದೆಂದು ಹೇಳುವವರಿದ್ದಾರೆ.

ಕೊನೆಯದಾಗಿ, ಫೋನ್ ಎತ್ತುವವರನ್ನು ಕೇಳಿ

ಪ್ರಕಟಿಸುವ ಮುನ್ನ ಪುಟವನ್ನು ರಿಸೆಪ್ಷನ್ನಿನಲ್ಲಿ ಕೂರುವವರಿಗೆ ಕೊಟ್ಟು, ದಿನವೂ ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆಯೇ ನೋಡಿ ಎನ್ನಿ. ನಮ್ಮಲ್ಲಿ ಆಕೆ ಓದಿ ಮುಗಿಸಿ, ‘ಎಲ್ಲಾ ಐತ್ರಿ ಸರ್, ಆದ್ರೆ ಖಾಲಿ ಹೊಟ್ಟೇಲಿ ಬರ್ಬೇಕಾ ಅಂತ ದಿನಾ ಹತ್ತು ಜನ ಕೇಳ್ತಾರೆ, ಅದೇ ಇಲ್ವಲ್ಲ’ ಅಂದಳು. ‘ಮೊದಲ ಭೇಟಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ತಿಂಡಿ ಕಟ್ಟಿಕೊಂಡು ಬನ್ನಿ; ತಿಂದು ಎರಡು ಗಂಟೆಯ ಮೇಲೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಹಳೆ ಚೀಟಿ, ಮಾತ್ರೆಗಳು ಜೊತೆಗಿರಲಿ’ ಎಂಬ ಸಾಲನ್ನು ಡಾಕ್ಟರು ಅಲ್ಲೇ ನಿಂತು ಸೇರಿಸಿದರು.