ಫೋಟೋದಲ್ಲಿ ಸ್ಟಿಚ್ ಎಣಿಸಿ ಸ್ವೆಟರ್‌ನ ಉಣ್ಣೆ ಲೆಕ್ಕ ಹಾಕಿದ್ದು

ಸ್ವಾಚ್, ಅಂದರೆ ಮಾದರಿಗೆ ಹೆಣೆದ ಸಣ್ಣ ತುಂಡು, ಕೈಯಲ್ಲಿದ್ದರೆ ಉಣ್ಣೆಯ ಲೆಕ್ಕ ಸುಲಭ. ತೂಕ ಹಾಕಿ, ಉದ್ದ ಅಗಲ ಅಳೆದು, ಸ್ವೆಟರ್‌ನ ಅಳತೆಗೆ ಹಿಗ್ಗಿಸಿದರೆ ಮುಗೀತು. ನನಗೆ ಸಿಕ್ಕಿದ್ದು ಬರೀ ಫೋಟೋ. ಬೇರೆ ಊರಲ್ಲಿರುವ ನಾದಿನಿ ಮಾದರಿಗೆಂದು ಒಂದು ತುಂಡು ಹೆಣೆದು, ಒಗೆದು ಒಣಗಿಸಿ, ಫೋಟೋ ತೆಗೆದು ಕಳಿಸಿದ್ದಳು. "ಅತ್ತಿಗೆ, ಇದೇ ಉಣ್ಣೆಯಲ್ಲಿ ಇವರಿಗೆ ಒಂದು ಸ್ವೆಟರ್ ಹೆಣೀಬೇಕು. ಎಷ್ಟು ಉಂಡೆ ತಗೊಳ್ಳಲಿ?" ಅವಳ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಹಾಗಾಗಿ ಫೋಟೋದಿಂದಲೇ ಎಷ್ಟು ದೂರ ಹೋಗಬಹುದು ಅಂತ ನೋಡಿದೆ. ಸಾದಾ ಹೆಣಿಗೆಯಾದರೆ ಸಾಕಷ್ಟು ದೂರ ಹೋಗಬಹುದು.

ಮೊದಲು ಫೋಟೋದ ವಿಷಯ. ಅವಳು ಸ್ವಾಚ್ ಮೇಲೆ ಒಂದು ಸ್ಕೇಲ್ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಇಟ್ಟಿದ್ದಳು. ಎರಡು ಸ್ಕೇಲ್ ಇಡು ಅಂತ ನಾನೇ ಹೇಳಿದ್ದೆ. ಹೆಚ್ಚಿನವರು ಒಂದೇ ಇಡುತ್ತಾರೆ. ಫೋನ್ ಸ್ವಲ್ಪ ವಾಲಿದ್ದರೂ ಚಿತ್ರ ಒಂದು ದಿಕ್ಕಿನಲ್ಲಿ ಕುಗ್ಗುತ್ತದೆ, ಅದು ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಈ ಫೋಟೋದಲ್ಲೂ ಹಾಗೇ ಆಗಿತ್ತು. ಫೋನಿನಲ್ಲಿ ಕ್ರಾಪ್ ಮಾಡಿ ನೋಡಿದರೆ ಅಡ್ಡ ಸ್ಕೇಲಿನ 10 ಸೆಂ.ಮೀ. 2,140 ಪಿಕ್ಸೆಲ್ ಇತ್ತು, ಉದ್ದ ಸ್ಕೇಲಿನ 10 ಸೆಂ.ಮೀ. 2,010 ಮಾತ್ರ. ಅಂದರೆ ಮೇಲಿಂದ ಕೆಳಕ್ಕೆ ಸುಮಾರು ಶೇ. 6ರಷ್ಟು ಕುಗ್ಗಿದೆ. ಅಡ್ಡ ಸ್ಕೇಲ್ ಒಂದನ್ನೇ ನಂಬಿ ಸಾಲು ಎಣಿಸಿದ್ದರೆ 10 ಸೆಂ.ಮೀ.ಗೆ 32 ಸಾಲು ಬರುತ್ತಿತ್ತು. ನಿಜವಾಗಿ ಇದ್ದದ್ದು 30.

ಅದಕ್ಕೇ ನನ್ನ ನಿಯಮ ಇಷ್ಟೇ: ಸ್ಟಿಚ್ ಎಣಿಸಲು ಅಡ್ಡ ಸ್ಕೇಲ್, ಸಾಲು ಎಣಿಸಲು ಉದ್ದ ಸ್ಕೇಲ್. ಫೋನನ್ನು ತೀರಾ ಹತ್ತಿರ ಹಿಡಿಯಬಾರದು, ಅಂಚುಗಳು ಬಾಗುತ್ತವೆ. ಸ್ವಲ್ಪ ದೂರ ನಿಂತು ಝೂಮ್ ಮಾಡಿದರೆ ವಾಸಿ. ಬೆಳಕು ನೆತ್ತಿಯ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬಿದ್ದರೆ ಪ್ರತಿ ಸ್ಟಿಚ್ಚಿನ ನೆರಳು ಬಿದ್ದು ಎಣಿಸಲು ಸುಲಭ. ಕಪ್ಪು, ಕಡು ನೀಲಿ ಉಣ್ಣೆಗಂತೂ ಇದು ಬೇಕೇ ಬೇಕು.

ಇನ್ನು ಎಣಿಕೆ. ಸೀದಾ ಬದಿಯಲ್ಲಿ ಪ್ರತಿ ಸ್ಟಿಚ್ಚೂ ಒಂದು 'V' ತರ ಕಾಣುತ್ತದೆ. ಕಣ್ಣು ಮೋಸ ಹೋಗುವುದು ಇಲ್ಲೇ. ಎರಡು 'V'ಗಳ ನಡುವೆ ತಲೆಕೆಳಗಾದ 'V' ಒಂದು ಕಾಣುತ್ತದೆ. ಅರ್ಧ ದಾರಿಯಲ್ಲಿ ಅದನ್ನು ಹಿಡಿದುಕೊಂಡರೆ ಅರ್ಧ ಸ್ಟಿಚ್ ಕೈ ತಪ್ಪುತ್ತದೆ. ನಾನು ಫೋಟೋ ಮೇಲೆ ಬಣ್ಣದ ಚುಕ್ಕೆ ಇಡುತ್ತಾ ಹೋಗುತ್ತೇನೆ, ಪ್ರತಿ 'V'ಯ ಬುಡಕ್ಕೆ ಒಂದು, ಐದಕ್ಕೊಂದು ಬೇರೆ ಬಣ್ಣ. ಸಾಲು ಎಣಿಸುವಾಗ ಕೆಳಗಿನಿಂದ ಒಂದೇ ಕಂಬ ಹಿಡಿದು ಮೇಲಕ್ಕೆ ಹತ್ತಬೇಕು. ಬಟ್ಟೆ ಸ್ವಲ್ಪ ಓರೆಯಾಗಿ ನಿಂತಿದ್ದರೆ ಕಂಬವೂ ಓರೆಯಾಗಿ ಹೋಗುತ್ತದೆ. ನೇರ ಗೆರೆ ಎಳೆದುಕೊಂಡು ಎಣಿಸಿದರೆ ಪಕ್ಕದ ಕಂಬಕ್ಕೆ ಜಾರಿಬಿಡುತ್ತೇವೆ.

ಅಂಚಿನ ಎರಡು ಮೂರು ಸ್ಟಿಚ್, ಶುರುವಿನ ಮತ್ತು ಕೊನೆಯ ಸಾಲುಗಳು ಲೆಕ್ಕಕ್ಕೆ ಬೇಡ. ಅವು ಸುರುಳಿ ಸುತ್ತಿಕೊಳ್ಳುತ್ತವೆ, ಬಿಗಿಯೂ ಬೇರೆ ಇರುತ್ತದೆ. ನಾದಿನಿಯ ಸ್ವಾಚ್ 36 ಸ್ಟಿಚ್, 46 ಸಾಲಿನದು. ಹಾಗಾಗಿ ನಡುವೆ 10 ಸೆಂ.ಮೀ. ಆರಾಮಾಗಿ ಸಿಕ್ಕಿತು. ಬೇರೆ ಬೇರೆ ಕಡೆ ಎಣಿಸಿ ಸರಾಸರಿ ತೆಗೆದೆ. 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು. ಅಂದರೆ ಒಂದು ಚದರ ಸೆಂ.ಮೀ.ಗೆ 2.2 × 3, ಒಟ್ಟು 6.6 ಸ್ಟಿಚ್.

ಇಲ್ಲಿಗೆ ಎಷ್ಟು ಸ್ಟಿಚ್ ಅಂತ ಗೊತ್ತಾಯಿತು. ಒಂದು ಸ್ಟಿಚ್ಚಿಗೆ ಎಷ್ಟು ನೂಲು? ಇದು ಫೋಟೋದಲ್ಲಿ ಕಾಣುವುದಿಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಒಂದು ಚದರ ಸೆಂ.ಮೀ.ನಲ್ಲಿ ಎಷ್ಟು ಸ್ಟಿಚ್ ಇವೆ ಅನ್ನುವುದರಲ್ಲೇ ಅದು ಅಡಗಿದೆ. ಸಾದಾ ಹೆಣಿಗೆಯ ಉಣ್ಣೆ ಬಟ್ಟೆ ಒಗೆದು ಒಣಗಿ, ಎಳೆತವೆಲ್ಲ ಬಿಟ್ಟು ಸುಮ್ನೆ ಮಲಗಿದಾಗ, ಅದರ ಸ್ಟಿಚ್ಚುಗಳು ಹೆಚ್ಚುಕಮ್ಮಿ ಒಂದೇ ಆಕಾರಕ್ಕೆ ಬಂದು ನಿಲ್ಲುತ್ತವೆ. ಉಣ್ಣೆ ದಪ್ಪ ಇರಲಿ ಸಣ್ಣ ಇರಲಿ, ಆಕಾರ ಅದೇ, ಗಾತ್ರ ಮಾತ್ರ ಬೇರೆ. ಹಾಗಾಗಿ ಒಂದು ಸ್ಟಿಚ್ಚಿನ ನೂಲಿನ ಉದ್ದವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಚದರ ಸೆಂ.ಮೀ.ನ ಸ್ಟಿಚ್ ಸಂಖ್ಯೆಯಿಂದ ಗುಣಿಸಿದರೆ ಯಾವಾಗಲೂ ಹತ್ತಿರ ಹತ್ತಿರ ಒಂದೇ ಅಂಕಿ ಬರುತ್ತದೆ. ಇದನ್ನು 1959ರಲ್ಲಿ ಮುಂಡೆನ್ ಎಂಬ ಸಂಶೋಧಕರು ಹೆಣೆದ ಬಟ್ಟೆಗಳನ್ನು ಅಳೆದು ತೋರಿಸಿದರು. ಒದ್ದೆ ಮಾಡಿ ಒಣಗಿಸಿದ ಉಣ್ಣೆಗೆ ಅವರು ಕೊಟ್ಟ ಅಂಕಿ 21.6. ನೀರು ಮುಟ್ಟಿಸದೆ ಹಾಗೇ ಬಿಟ್ಟ ಬಟ್ಟೆಗೆ 19.

ಚದರ ಸೆಂ.ಮೀ.ನ ಸ್ಟಿಚ್ `S`, ಒಂದು ಸ್ಟಿಚ್ಚಿನ ನೂಲು `l` ಅಂದುಕೊಂಡರೆ:

```
S = 2.2 × 3.0 = 6.6
l = √(21.6 / S) = 1.81 cm
```

ಒಂದು ಸ್ಟಿಚ್ಚಿಗೆ 1.81 ಸೆಂ.ಮೀ. ನೂಲು. ಸ್ಟಿಚ್ಚಿನ ಅಗಲ 0.45 ಸೆಂ.ಮೀ. ಇದೆ, ಅಂದರೆ ಅಗಲದ ನಾಲ್ಕರಷ್ಟು. ಕ್ಯಾಲ್ಕುಲೇಟರ್ ಇಲ್ಲದಾಗ ನಾನು ಈ ನಾಲ್ಕರಷ್ಟು ಎನ್ನುವುದನ್ನೇ ಬಳಸುತ್ತೇನೆ.

ಮುಂಡೆನ್ ಅವರ ಲೆಕ್ಕ ಯಂತ್ರದಲ್ಲಿ ಹೆಣೆದ ಬಟ್ಟೆಯದು, ನಮ್ಮದು ಕೈ ಹೆಣಿಗೆ. ಅದಕ್ಕೇ ಪೂರ್ತಿ ನಂಬದೆ ನಾದಿನಿಗೆ ಒಂದು ಕೆಲಸ ಹೇಳಿದೆ. ಸ್ವಾಚ್‌ನ ಮೇಲಿನ ತುದಿ ಬಿಚ್ಚಿ, ಮುಚ್ಚಿದ ಸಾಲನ್ನು ಬಿಟ್ಟು, ಆಮೇಲಿನ 10 ಸಾಲು ಉಚ್ಚಿ, ಆ ನೂಲಿನ ಉದ್ದ ಅಳೆದು ಹೇಳು ಅಂದೆ. ಉಚ್ಚಿದ ನೂಲು ಸುಕ್ಕುಸುಕ್ಕಾಗಿರುತ್ತದೆ. ಸುಕ್ಕು ಹೋಗುವಷ್ಟು ಮಾತ್ರ ಎಳೆದು ಹಿಡಿಯಬೇಕು, ಜಗ್ಗಬಾರದು. ಉಣ್ಣೆ ಹಿಗ್ಗಿದರೆ ಉದ್ದ ಸುಳ್ಳು ಹೇಳುತ್ತದೆ. ಅವಳ ಅಳತೆ 6.4 ಮೀಟರ್ ಬಂತು. 360 ಸ್ಟಿಚ್ಚಿಗೆ 640 ಸೆಂ.ಮೀ., ಒಂದಕ್ಕೆ 1.78. ನನ್ನ ಲೆಕ್ಕಕ್ಕೂ ಇದಕ್ಕೂ ಶೇ. 2ರಷ್ಟೇ ವ್ಯತ್ಯಾಸ. ದೊಡ್ಡ ಅಂಕಿಯನ್ನೇ ಇಟ್ಟುಕೊಂಡೆ. ಉಣ್ಣೆ ಒಂದಿಷ್ಟು ಉಳಿದರೆ ಬೇಜಾರಿಲ್ಲ, ಕೊನೆಯ ತೋಳಿಗೆ ಸಾಲದೆ ಬಂದರೆ ಕಷ್ಟ.

ಇನ್ನು ಸ್ವೆಟರ್. ಸಾದಾ ಆಕಾರ, ತೋಳು ಕೂರಿಸಲು ಕಂಕುಳಲ್ಲಿ ಕಡಿತ ಇಲ್ಲ, ಭುಜ ಕೆಳಗೆ ಇಳಿಯುವ ಮಾದರಿ. ಎದೆ ಸುತ್ತಳತೆ 100 ಸೆಂ.ಮೀ., ಉದ್ದ 60. ಇವು ಸ್ವೆಟರ್‌ನ ಅಳತೆಗಳು, ಮೈ ಅಳತೆ ಅಲ್ಲ. ಬೆನ್ನಿನ ಭಾಗ 50 ಸೆಂ.ಮೀ. ಅಗಲ, ಅಂದರೆ 110 ಸ್ಟಿಚ್. 60 ಸೆಂ.ಮೀ. ಉದ್ದಕ್ಕೆ 180 ಸಾಲು. ಗುಣಿಸಿದರೆ 19,800 ಸ್ಟಿಚ್. ಮುಂಭಾಗಕ್ಕೂ ಅಷ್ಟೇ ಹಿಡಿದೆ. ಕುತ್ತಿಗೆಗೆ ಬಿಡುವ ಜಾಗವನ್ನು ಕಳೆಯಲು ಹೋಗಲಿಲ್ಲ. ಅಲ್ಲಿ ಉಳಿಯುವ ನೂಲು ಕುತ್ತಿಗೆ ಪಟ್ಟಿಗೆ ಹೋಗುತ್ತದೆ.

ತೋಳು ಮಣಿಕಟ್ಟಿನಲ್ಲಿ 22 ಸೆಂ.ಮೀ., ಮೇಲೆ 40. ಸ್ಟಿಚ್ ಏರಿಸುವುದು ಸಮ ಅಂತರದಲ್ಲಾದ್ದರಿಂದ ಸರಾಸರಿ ಅಗಲ 31 ಹಿಡಿದರೆ ಸಾಕು. ಅದು 68 ಸ್ಟಿಚ್. ಉದ್ದ 44 ಸೆಂ.ಮೀ.ಗೆ 132 ಸಾಲು. ಒಂದು ತೋಳಿಗೆ 9,000 ಸ್ಟಿಚ್ ಹತ್ತಿರ. ಎಲ್ಲ ಸೇರಿಸಿ 57,600. ಇದನ್ನು 1.81ರಿಂದ ಗುಣಿಸಿದರೆ 1,04,256 ಸೆಂ.ಮೀ., ಅಂದರೆ 1,043 ಮೀಟರ್.

ಕೆಳಗಿನ ರಿಬ್ ಪಟ್ಟಿಗೆ ಬೇರೆ ಲೆಕ್ಕ ಹಾಕಲಿಲ್ಲ. ಸಣ್ಣ ಕಡ್ಡಿಯಲ್ಲಿ ಹೆಣೆಯುವುದರಿಂದ ಸ್ಟಿಚ್ಚಿಗೆ ನೂಲು ಕಡಿಮೆ, ಆದರೆ ಸಾಲು ಜಾಸ್ತಿ. ಎರಡೂ ಸರಿದೂಗುತ್ತವೆ. ಜೋಡಿಸುವ ಹೊಲಿಗೆ, ಉಂಡೆ ಬದಲಾಯಿಸುವಾಗ ಬಿಡುವ ತುದಿಗಳು, ಬಿಚ್ಚಿ ಮತ್ತೆ ಹೆಣೆಯುವುದು, ಇದೆಲ್ಲಕ್ಕೆ ಶೇ. 10 ಸೇರಿಸಿದೆ. 1,147 ಮೀಟರ್ ಆಯಿತು. ಉಂಡೆಯ ಲೇಬಲ್ ಮೇಲೆ 50 ಗ್ರಾಂ, 120 ಮೀಟರ್ ಎಂದಿತ್ತು. 9.56 ಉಂಡೆ. ಹತ್ತು ತಗೋ, ಎಲ್ಲವೂ ಒಂದೇ ಡೈ ಲಾಟ್, ಅಂದರೆ ಒಂದೇ ಸಲ ಬಣ್ಣ ಹಾಕಿದ್ದು, ಇರಲಿ ಎಂದೆ. ಲೇಬಲ್ಲಿನಲ್ಲಿ ನೋಡಬೇಕಾದ್ದು ಮೀಟರ್, ಗ್ರಾಂ ಅಲ್ಲ. ಅದೇ 50 ಗ್ರಾಂ ಉಂಡೆಯಲ್ಲಿ 100 ಮೀಟರ್ ಮಾತ್ರ ಇದ್ದಿದ್ದರೆ ಹನ್ನೆರಡು ಬೇಕಾಗುತ್ತಿತ್ತು. ಸ್ವೆಟರ್ ಮುಗಿದ ಮೇಲೆ ತೂಕ ಹಾಕಿಸಿದರೆ 448 ಗ್ರಾಂ ಇತ್ತು, ಸುಮಾರು 1,075 ಮೀಟರ್ ನೂಲು. ಹತ್ತನೇ ಉಂಡೆಯ ಬಹುಪಾಲು ಉಳಿಯಿತು.

ಈ ಲೆಕ್ಕದಲ್ಲಿ ನನಗೆ ಇಷ್ಟವಾದ ಒಂದು ಗುಣ ಇದೆ. ಎಣಿಕೆಯಲ್ಲಿ ಆದ ತಪ್ಪು ನೂಲಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಸ್ಟಿಚ್ ಜಾಸ್ತಿ ಅಂತ ಎಣಿಸಿದರೆ ಸೂತ್ರ ಒಂದೊಂದು ಸ್ಟಿಚ್ಚಿನ ನೂಲನ್ನು ಕಡಿಮೆ ಮಾಡುತ್ತದೆ. ಮೇಲೆ ಹೇಳಿದ ಓರೆ ಫೋಟೋವನ್ನೇ ನಂಬಿ 32 ಸಾಲು ಹಿಡಿದಿದ್ದರೂ ನೂಲಿನ ಲೆಕ್ಕ ಶೇ. 3ರಷ್ಟು ಮಾತ್ರ ಏರುತ್ತಿತ್ತು. ಉಚ್ಚಿ ಅಳೆದ ಉದ್ದವನ್ನು ಬಳಸಿದರೆ ಈ ಅನುಕೂಲ ಸಿಗುವುದಿಲ್ಲ, ಎಣಿಕೆಯ ತಪ್ಪು ಪೂರ್ತಿ ನೂಲಿಗೆ ಬರುತ್ತದೆ. ಅಳತೆಯ ವಿಷಯದಲ್ಲಂತೂ ಯಾವ ರಿಯಾಯಿತಿಯೂ ಇಲ್ಲ. 10 ಸೆಂ.ಮೀ.ಗೆ 21.5 ಇರುವುದನ್ನು 22 ಅಂತ ಎಣಿಸಿ 220 ಸ್ಟಿಚ್ ಹಾಕಿದರೆ ಎದೆ ಸುತ್ತಳತೆ 100ರ ಬದಲು 102 ದಾಟುತ್ತದೆ. ಹಾಗಾಗಿ ಉಂಡೆ ಕೊಳ್ಳಲು ಫೋಟೋ ಸಾಕು ಅನ್ನುತ್ತೇನೆ, ಸ್ಟಿಚ್ ಹಾಕುವ ಮುಂಚೆ ಅವರವರ ಸ್ವಾಚನ್ನು ಅವರವರೇ ಕೈಯಲ್ಲಿ ಹಿಡಿದು ಎಣಿಸಬೇಕು.

ಸಾದಾ ಹೆಣಿಗೆ ಬಿಟ್ಟು ಹೊರಗೆ ಈ ಸೂತ್ರ ನಡೆಯುವುದಿಲ್ಲ. ಜಡೆಯಂತೆ ಕಾಣುವ ಕೇಬಲ್ ವಿನ್ಯಾಸ ಇದ್ದರೆ ಸ್ಟಿಚ್ಚುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಆಕಾರವೇ ಬದಲಾಗುತ್ತದೆ. ಎರಡು ಬಣ್ಣದ ವಿನ್ಯಾಸದಲ್ಲಿ ಬಟ್ಟೆಯ ಹಿಂದೆ ಸಾಗುವ ನೂಲು ಮುಂದಿನ ಫೋಟೋದಲ್ಲಿ ಕಾಣುವುದೇ ಇಲ್ಲ. ಹತ್ತಿ ನೂಲಿಗೆ ಉಣ್ಣೆಯಂತೆ ಹಿಂದಕ್ಕೆ ಕೂಡಿಕೊಳ್ಳುವ ಗುಣ ಕಡಿಮೆ, 21.6 ಅಂಕಿ ಅದಕ್ಕೆ ಹೊಂದುವುದಿಲ್ಲ. ಅಂಥ ಫೋಟೋ ಬಂದರೆ ನಾನು ಎಣಿಸಲು ಕೂರುವುದಿಲ್ಲ. ಎಲ್ಲಾದರೂ ತಕ್ಕಡಿ ಹುಡುಕಿ ಸ್ವಾಚ್ ತೂಕ ಹಾಕಿ, ಉದ್ದ ಅಗಲದ ಜೊತೆ ಕಳಿಸಿ ಅನ್ನುತ್ತೇನೆ. 10 ಗ್ರಾಂ ತೂಗುವ ತುಂಡಿಗೆ ಒಂದು ಗ್ರಾಂ ಆಚೀಚೆಯಾದರೂ ಶೇ. 10 ತಪ್ಪಿದಂತೆ. ಆದ್ದರಿಂದ ತಕ್ಕಡಿ ಗ್ರಾಂನ ಹತ್ತನೇ ಒಂದು ಭಾಗದವರೆಗೆ ತೋರಿಸುವಂಥದ್ದಾಗಿರಬೇಕು. ಅದಿಲ್ಲದಿದ್ದರೆ ಸ್ವಾಚನ್ನೇ ದೊಡ್ಡದಾಗಿ ಹೆಣೆಯಬೇಕು.